ಹಾಲ್ ಚಿಕ್ಕದು, ಟಿವಿ ಎಷ್ಟು ಇಂಚಿನದು? ಉತ್ತರ ಅಪ್ಪನ ಕುರ್ಚಿ ಎಲ್ಲಿದೆ ಅನ್ನೋದರಲ್ಲಿದೆ

ಪ್ರಶ್ನೆ: "ಹಾಲ್ 10×11 ಅಡಿ. ಸೋಫಾದ ಮುಂದಿನ ಅಂಚಿನಿಂದ ಟಿವಿ ಗೋಡೆಗೆ 7 ಅಡಿ. ಅಪ್ಪ ಮಾತ್ರ ಎಡಗೋಡೆ ಪಕ್ಕದ ಕುರ್ಚಿಯಲ್ಲೇ ಕೂರೋದು, ಅದು ಟಿವಿಗೆ 4 ಅಡಿ ದೂರ. ಈಗಿರೋದು 32 ಇಂಚು. 43 ಸಾಕಾ, 55 ತಂದರೆ ಕಣ್ಣಿಗೆ ಜಾಸ್ತಿ ಆಗುತ್ತಾ? ಕ್ಯೂಎಲ್‌ಇಡಿ, ಓಎಲ್‌ಇಡಿ ಓದಿ ಓದಿ ತಲೆ ಕೆಟ್ಟಿದೆ. ಸ್ಮಾರ್ಟ್ ಅಂತಾರಲ್ಲ, ಅದರಲ್ಲಿ ಏನು ನೋಡಬೇಕು?"

ಮೊದಲು ನಿಮ್ಮ ಅಳತೆ ಸರಿ ಮಾಡೋಣ. ನೀವು ಸೋಫಾದ ಅಂಚಿನಿಂದ ಅಳೆದಿದ್ದೀರಿ, ಆದರೆ ನೋಡೋದು ಕಣ್ಣು ತಾನೆ. ಒರಗಿ ಕೂತಾಗ ಕಣ್ಣು ಅಂಚಿನಿಂದ ಸುಮಾರು 55 ಸೆಂ.ಮೀ. ಹಿಂದಿರುತ್ತೆ. ಮೇಜಿನ ಮೇಲಿಟ್ಟ ಟಿವಿ ಗೋಡೆಯಿಂದ 25 ಸೆಂ.ಮೀ. ಮುಂದೆ ಬರುತ್ತೆ. 7 ಅಡಿ ಅಂದ್ರೆ 213 ಸೆಂ.ಮೀ., ಅದಕ್ಕೆ 55 ಕೂಡಿಸಿ 25 ಕಳೆದರೆ 243. ಹಾಗಾಗಿ ನಿಮ್ಮ ನಿಜವಾದ ದೂರ 8 ಅಡಿ.

ನಿಮ್ಮ ಪ್ರಶ್ನೆಗೆ ಕಮೆಂಟ್ ಹಾಕಿದ ಒಬ್ಬ ಅಣ್ಣ "ಇಂಚನ್ನು ಮೂರರಿಂದ ಗುಣಿಸಿ, ಅಷ್ಟು ದೂರ ಬೇಕು" ಅಂದಿದ್ದಾರೆ. ಆ ಲೆಕ್ಕ ಪೂರ್ತಿ ಸುಳ್ಳಲ್ಲ, ಹಳೆ ಡಬ್ಬಾ ಟಿವಿ ಕಾಲದ್ದು. ಆಗ ಹತ್ತಿರ ಕೂತರೆ ಗೆರೆಗಳು ಕಾಣ್ತಿದ್ದವು. ಈಗ ಎಚ್‌ಡಿ, 4ಕೆ ಚಿತ್ರಕ್ಕೆ ಪರದೆ ಕಣ್ಣ ಮುಂದೆ 30 ಡಿಗ್ರಿಯಷ್ಟು ಅಗಲ ತುಂಬಿದರೆ ಸಿನಿಮಾ ನೋಡೋಕೆ ಹಿತ, ಅಂದ್ರೆ ಇಂಚಿನ ಸುಮಾರು 1.6 ಪಟ್ಟು ದೂರ. ನಿಮ್ಮ 8 ಅಡಿಯಿಂದ 43 ಇಂಚು 22 ಡಿಗ್ರಿ ತುಂಬುತ್ತೆ, 55 ಇಂಚು 28, 65 ಇಂಚು 33. ಸೋಫಾದಲ್ಲಿ ಕೂರೋರಿಗೆ 55 ಖಂಡಿತ ಜಾಸ್ತಿಯಲ್ಲ. ಮೊದಲ ವಾರ ದೊಡ್ಡದು ಅನ್ನಿಸುತ್ತೆ, ಆಮೇಲೆ ಮರೆತೇ ಹೋಗುತ್ತೆ. ದೊಡ್ಡ ಪರದೆಯಿಂದ ಕಣ್ಣು ಕೆಡುತ್ತೆ ಅನ್ನೋ ಭಯ ಬೇಡ. ದಣಿವು ಬರೋದು ಕತ್ತಲೆ ಕೋಣೆಯಲ್ಲಿ ಬ್ರೈಟ್‌ನೆಸ್ ಪೂರ್ತಿ ಇಟ್ಟು ಗಂಟೆಗಟ್ಟಲೆ ಕೂತರೆ.

ನಂಬಿಕೆ ಬರದಿದ್ದರೆ ಹಳೆ ಪೇಪರ್ ಅಂಟಿಸಿ 122×69 ಸೆಂ.ಮೀ. ಆಯತ ಮಾಡಿ ಗೋಡೆಗೆ ಹಚ್ಚಿ ಎರಡು ದಿನ ಬಿಡಿ. 55 ಇಂಚಿನ ಪರದೆಯ ಅಳತೆ ಅದೇ. ಅದರ ನಡುಭಾಗ ಕೂತವರ ಕಣ್ಣಿನ ಮಟ್ಟಕ್ಕೆ, ನೆಲದಿಂದ ಸುಮಾರು 105 ಸೆಂ.ಮೀ.ಗೆ ಬರಲಿ. ಎಲ್ಲರೂ ಎತ್ತರಕ್ಕೆ ತೂಗುಹಾಕಿ ಆಮೇಲೆ ಕತ್ತು ನೋವು ಅಂತಾರೆ.

ಒಂದು ಷರತ್ತು ಇದೆ. ಮನೆಯಲ್ಲಿ ಹೆಚ್ಚಾಗಿ ಓಡೋದು ಸೆಟ್‌ಟಾಪ್ ಬಾಕ್ಸಿನ ಎಸ್‌ಡಿ ಚಾನೆಲ್ ಆದರೆ 55ರಲ್ಲಿ ಮುಖಗಳು ಮಸುಕಾಗಿ ಕಾಣ್ತವೆ. 32ರಲ್ಲಿ ಮುಚ್ಚಿಹೋಗಿದ್ದ ಕೊರತೆ ಅಲ್ಲಿ ಎದ್ದು ಕಾಣುತ್ತೆ, 4ಕೆ ಅಂತ ಬರೆದಿದ್ದರಿಂದ ಅದು ಸರಿಹೋಗಲ್ಲ. ಹಾಗಿದ್ದರೆ ಎಚ್‌ಡಿ ಚಾನೆಲ್‌ಗೆ ಬದಲಾಯಿಸಿ, ಇಲ್ಲಾ 43ಕ್ಕೆ ನಿಲ್ಲಿಸಿ.

ಈಗ ನಿಮ್ಮ ನಿಜವಾದ ಕಷ್ಟಕ್ಕೆ ಬರ್ತೀನಿ, ಅಪ್ಪನ ಕುರ್ಚಿ. ಹಾಲ್ 11 ಅಡಿ ಅಗಲ, ಟಿವಿ ಗೋಡೆಯ ನಡುವೆ ಇದೆ ಅಂದ್ಕೊಳ್ಳಿ. ಅಪ್ಪನ ತಲೆ ನಡುಗೆರೆಯಿಂದ ಸುಮಾರು 4 ಅಡಿ ಪಕ್ಕಕ್ಕೆ, ಪರದೆಯಿಂದ 4 ಅಡಿ ಹಿಂದೆ. ಅವರು 45 ಡಿಗ್ರಿ ಓರೆಯಿಂದ ನೋಡ್ತಾರೆ. ಪ್ಯಾನೆಲ್ ಯಾವುದು ಅನ್ನೋದು ಇಲ್ಲಿ ತೀರ್ಮಾನ ಆಗಬೇಕು.

ಕ್ಯೂಎಲ್‌ಇಡಿ ಅನ್ನೋ ಹೆಸರು ಸ್ವಲ್ಪ ಹೊತ್ತು ಪಕ್ಕಕ್ಕಿಡಿ. ಅದೂ ಹಿಂದೆ ಬೆಳಕು ಹಾಕಿದ ಎಲ್‌ಸಿಡಿಯೇ, ಬಣ್ಣ ಚೆನ್ನಾಗಿ ಬರೋಕೆ ಮಧ್ಯೆ ಒಂದು ಪದರ ಇರುತ್ತೆ ಅಷ್ಟೆ. ಓಎಲ್‌ಇಡಿಗೂ ಅದಕ್ಕೂ ಸಂಬಂಧ ಇಲ್ಲ. ಎಲ್‌ಸಿಡಿ ಒಳಗೆ ಮುಖ್ಯವಾಗಿ ಎರಡು ಜಾತಿ. ವಿಎ ಪ್ಯಾನೆಲ್ಲಿನಲ್ಲಿ ಕಪ್ಪು ಚೆನ್ನಾಗಿ ಕಪ್ಪಾಗಿರುತ್ತೆ, ಆದರೆ ಪಕ್ಕಕ್ಕೆ ಸರಿದಂತೆ ಬಣ್ಣ ತೊಳೆದ ಬಟ್ಟೆ ಥರ ಬಿಳುಚಿಕೊಳ್ಳುತ್ತೆ. ಐಪಿಎಸ್‌ನಲ್ಲಿ ಓರೆಯಿಂದಲೂ ಬಣ್ಣ ನಿಲ್ಲುತ್ತೆ, ಆದರೆ ರಾತ್ರಿ ದೀಪ ಆರಿಸಿದರೆ ಕಪ್ಪು ಬೂದು ಬಣ್ಣವಾಗಿ ಕಾಣುತ್ತೆ. ನೀವು ಹಗಲು, ಸಂಜೆ ದೀಪದ ಬೆಳಕಲ್ಲಿ ನೋಡೋರಾದರೆ ಐಪಿಎಸ್ ಕೊರತೆ ಅಷ್ಟು ತಿಳಿಯಲ್ಲ, ವಿಎ ಕೊರತೆ ಮಾತ್ರ ಅಪ್ಪನಿಗೆ ದಿನಾ ಕಾಣುತ್ತೆ.

ಯಾವ ಪ್ಯಾನೆಲ್ ಅಂತ ಡಬ್ಬದ ಮೇಲೆ ಸಾಮಾನ್ಯವಾಗಿ ಬರೆದಿರಲ್ಲ. ಒಂದೇ ಮಾಡೆಲ್ಲಿನಲ್ಲೂ ಸೈಜ್ ಬದಲಾದರೆ ಪ್ಯಾನೆಲ್ ಬದಲಾಗಿರಬಹುದು, ಹಾಗಾಗಿ 43ರ ರಿವ್ಯೂ ಓದಿ 55 ಕೊಳ್ಳಬೇಡಿ. ಒಂದು ಪೆನ್‌ಡ್ರೈವ್‌ನಲ್ಲಿ ರಾತ್ರಿ ದೃಶ್ಯ ಇರೋ ವಿಡಿಯೋ, ನಿಮ್ಮವರ ಮುಖ ಇರೋ ಒಂದೆರಡು ಫೋಟೋ ಹಾಕ್ಕೊಂಡು ಹೋಗಿ. ಅಂಗಡಿಯ ಟಿವಿ ವಿವಿಡ್ ಮೋಡ್‌ನಲ್ಲಿರುತ್ತೆ, ಸ್ಟ್ಯಾಂಡರ್ಡ್ ಅಥವಾ ಮೂವಿ ಮೋಡ್‌ಗೆ ತರಿಸಿ. ನಡುವಿನಿಂದ ನಾಲ್ಕು ಹೆಜ್ಜೆ ಹಿಂದೆ, ಅಲ್ಲಿಂದ ಅಷ್ಟೇ ದೂರ ಪಕ್ಕಕ್ಕೆ ನಡೆದು ಮುಖದ ಬಣ್ಣ ನೋಡಿ. ಮುಖ ಬಿಳುಚಿದರೆ, ಹಿನ್ನೆಲೆಯ ಕಪ್ಪು ಹೊಗೆಯಂತಾದರೆ ಅದು ಅಪ್ಪನಿಗೆ ಆಗಲ್ಲ. ವಿಎ ಆದರೂ ಓರೆ ನೋಟಕ್ಕೆ ಪ್ರತ್ಯೇಕ ಪದರ ಹಾಕಿದ ದುಬಾರಿ ಮಾಡೆಲ್‌ಗಳಿವೆ, ಅದಕ್ಕೇ ಹೆಸರಿಗಿಂತ ಈ ನಡಿಗೆಯ ಪರೀಕ್ಷೆ ನಂಬಿ.

ಓಎಲ್‌ಇಡಿ ತಗೊಂಡ ಒಬ್ಬ ಅಕ್ಕ, ಸುದ್ದಿ ಚಾನೆಲ್ಲಿನ ಲೋಗೋ ಪರದೆ ಮೇಲೆ ಅಚ್ಚಾಗಿ ಉಳಿದಿದೆ ಅಂತ ಕಮೆಂಟ್‌ನಲ್ಲಿ ಬರೆದಿದ್ದಾರೆ. ಓಎಲ್‌ಇಡಿ ಓರೆಯಿಂದಲೂ ಚೆಂದ, ಕಪ್ಪೂ ಪೂರ್ತಿ ಕಪ್ಪು. ಆದರೆ ದಿನವಿಡೀ ಒಂದೇ ಚಾನೆಲ್ ಹಾಕಿಡೋ ಮನೆಯಲ್ಲಿ ಅವರಿಗಾದದ್ದು ಆಗಬಹುದು. ಹೊಸ ಸೆಟ್‌ಗಳಲ್ಲಿ ಇದನ್ನು ತಡೆಯೋ ವ್ಯವಸ್ಥೆ ಇದೆ, ಅಪಾಯ ಕಡಿಮೆಯಾಗಿದೆ, ಸೊನ್ನೆಯಾಗಿಲ್ಲ. ನಿಮ್ಮಪ್ಪ ಏನು ನೋಡ್ತಾರೆ ಅಂತ ನೀವು ಬರೆದಿಲ್ಲ.

ಸ್ಮಾರ್ಟ್ ಬಗ್ಗೆ ನನಗೆ ಹೆಚ್ಚು ಮೋಹ ಇಲ್ಲ. ಪರದೆ ಎಂಟು ಹತ್ತು ವರ್ಷ ಬಾಳಿದರೂ ಒಳಗಿನ ಸಾಫ್ಟ್‌ವೇರ್ ಅದಕ್ಕಿಂತ ಬೇಗ ಮುದಿಯಾಗುತ್ತೆ. ಆ್ಯಪ್ ತೆರೆಯೋಕೆ ಅರ್ಧ ನಿಮಿಷ ಬೇಕಾದ ದಿನ ಆ್ಯಪ್ ಓಡಿಸೋ ಒಂದು ಸ್ಟಿಕ್ ಎಚ್‌ಡಿಎಂಐಗೆ ಚುಚ್ಚಿದರೆ ಮುಗೀತು. ಆದ್ದರಿಂದ ಸ್ಮಾರ್ಟ್ ಚೆನ್ನಾಗಿದೆ ಅಂತ ಕೆಟ್ಟ ಪ್ಯಾನೆಲ್ ತರಬೇಡಿ. ನೋಡಬೇಕಾದ್ದು ಎರಡು. ವೈಫೈ 5 ಗಿಗಾಹರ್ಟ್ಸ್ ಹಿಡಿಯಬೇಕು. ಮತ್ತೆ ಬರೀ "ಆಂಡ್ರಾಯ್ಡ್" ಅಂತ ಬರೆದಿದ್ದರೆ ಸಾಲದು, ನಿಜವಾದ ಪ್ಲೇ ಸ್ಟೋರ್ ತೆರೆದು ತೋರಿಸೋಕೆ ಹೇಳಿ. ಮಾನ್ಯತೆ ಇಲ್ಲದ ಸೆಟ್‌ಗಳಲ್ಲಿ ಸಿನಿಮಾ ಆ್ಯಪ್ ಇದ್ದರೂ ಎಚ್‌ಡಿ ಕೊಡದೆ ಮಸುಕು ಚಿತ್ರವನ್ನೇ ಓಡಿಸಬಹುದು. ಜನ ಆಗ ಪರದೆ ಸರಿಯಿಲ್ಲ ಅಂದ್ಕೊಳ್ತಾರೆ.

ನನ್ನದೊಂದು ಪೆದ್ದುತನವನ್ನೂ ಹೇಳಿಬಿಡ್ತೀನಿ. 55 ತಂದೆ, ಮೇಜು ಒಂದು ಮೀಟರ್ ಉದ್ದ. ಈ ಟಿವಿಯ ಕಾಲುಗಳು ಎರಡು ತುದಿಯಲ್ಲಿದ್ದವು, ಎರಡೂ ಮೇಜಿನ ಆಚೆಗೇ ನಿಂತವು. ಮೂರು ದಿನ ಹೊಸ ಟಿವಿ ನೆಲದ ಮೇಲೆ, ಗೋಡೆಗೆ ಒರಗಿಕೊಂಡು ಕೂತಿತ್ತು. ಕೊಳ್ಳೋ ಮೊದಲು ಕಾಲುಗಳ ನಡುವಿನ ಅಂತರ ಕೇಳಿ.

ನಾನಾದರೆ ಓರೆ ನೋಟ ಚೆನ್ನಾಗಿರೋ 55 ತರ್ತೀನಿ. ಒಂದು ವಿಷಯ ಮಾತ್ರ ನೀವೇ ನೋಡಿ ಹೇಳಬೇಕು. ಅಪ್ಪನ ಕುರ್ಚಿಯನ್ನು ಗೋಡೆಗುಂಟ 2 ಅಡಿ ಹಿಂದೆ ಸರಿಸೋಕೆ ಜಾಗ ಇದೆಯಾ? ಸರಿದರೆ ಓರೆ 45ರಿಂದ 34 ಡಿಗ್ರಿಗೆ ಇಳಿಯುತ್ತೆ, ಆಗ ಅಂಗಡಿಯಲ್ಲಿ ಫೇಲ್ ಮಾಡಿದ ವಿಎ ಸೆಟ್ಟನ್ನೂ ಇನ್ನೊಮ್ಮೆ ನೋಡಬಹುದು. ಅವರು ಕುರ್ಚಿ ಬಿಟ್ಟುಕೊಡ್ತಾರಾ ಅನ್ನೋದು ಬೇರೆ ಮಾತು. ಕಿಟಕಿ ಯಾವ ಕಡೆ ಇದೆ ಅಂತಲೂ ಬರೆಯಿರಿ, ಟಿವಿಗೆ ಎದುರೇ ಇದ್ದರೆ ಪರದೆ ಹೊಳೆಯುತ್ತೆ.