ವಾಚ್‌ನಲ್ಲಿ ಕನ್ನಡದ ಬದಲು ಡಬ್ಬಿಗಳು

ಪ್ರಶ್ನೆ: ಫೋನ್‌ನಲ್ಲಿ ಕನ್ನಡ ಮೆಸೇಜ್ ಸರಿಯಾಗಿದೆ, ವಾಚ್‌ನಲ್ಲಿ ಬರೀ ಖಾಲಿ ಡಬ್ಬಿ. ಏನು ಮಾಡಲಿ?

ಉತ್ತರ: ಫೋನ್ ಕಳಿಸುವುದು ಅಕ್ಷರದ ಚಿತ್ರವನ್ನಲ್ಲ, ಅದರ ಯುನಿಕೋಡ್ ಸಂಖ್ಯೆಯನ್ನು. ‘ಕ’ ಅಂದರೆ U+0C95. ಆ ಸಂಖ್ಯೆಗೆ ತಕ್ಕ ಅಕ್ಷರ ವಾಚ್‌ನೊಳಗಿನ ಫಾಂಟ್‌ನಲ್ಲಿ ಇಲ್ಲದಿದ್ದರೆ ಡಬ್ಬಿ ಬರುತ್ತದೆ. ಹಾಗಾಗಿ ಫೋನ್‌ನಲ್ಲಿ ಸುಮ್ನೆ ಫಾಂಟ್ ಬದಲಾಯಿಸಿ ಪ್ರಯೋಜನವಿಲ್ಲ.

ಮೊದಲು ವಾಚ್‌ನ ಆ್ಯಪ್‌ನಲ್ಲಿ ಫರ್ಮ್‌ವೇರ್ ಅಪ್‌ಡೇಟ್ ಮಾಡಿ. ಭಾಷೆಯ ಪಟ್ಟಿಯಲ್ಲಿ ಕನ್ನಡ ಇದ್ದರೆ ಆರಿಸಿ, ವಾಚ್ ರೀಸ್ಟಾರ್ಟ್ ಮಾಡಿ. ಆಮೇಲೆ ‘ಅಕ್ಕ’ ಎಂದು ಮೆಸೇಜ್ ಕಳಿಸಿ ನೋಡಿ. ‘ಅಕ್‌ಕ’ ಅಂತ ಬಿಡಿಬಿಡಿಯಾಗಿ ಕಂಡರೆ ಫಾಂಟ್ ಬಂದಿದೆ, ಒತ್ತಕ್ಷರ ಜೋಡಿಸುವ ತಂತ್ರಾಂಶ ಇಲ್ಲ. ಅದನ್ನು ಕಂಪನಿಯೇ ಸರಿಪಡಿಸಬೇಕು.

ಅಗ್ಗದ ಬ್ಯಾಂಡ್‌ಗಳಲ್ಲಿ ಹೊಸ ಫಾಂಟ್ ಹಾಕಲು ದಾರಿಯೇ ಇರುವುದಿಲ್ಲ ಜಾಸ್ತಿ. ಅಂಥದ್ದರಲ್ಲಿ ಕಾಂಟ್ಯಾಕ್ಟ್ ಹೆಸರುಗಳನ್ನಾದರೂ ಇಂಗ್ಲಿಷ್ ಅಕ್ಷರದಲ್ಲಿ ಸೇವ್ ಮಾಡಿ. ಕರೆ ಯಾರದ್ದು ಅಂತ ಗೊತ್ತಾಗುತ್ತದೆ.