ಮೊದಲ ಸಾಲುಗಳು ಸಾಕಾ?

ಪ್ರಶ್ನೆ: ಕಲಬುರಗಿ ಜಿಲ್ಲೆಯ ಬೆಳೆ ಫೈಲಿನಲ್ಲಿ 40 ಲಕ್ಷ ಸಾಲಿವೆ, ಮಾದರಿಗೆ ಮೊದಲ 5000 ತಗೊಂಡರೆ ಸಾಕಲ್ವಾ?

ಸಾಲದು. ನಾನೂ ಹಾಗೇ ಮಾಡಿ ಕೆಟ್ಟಿದ್ದೇನೆ. ಇಂಥ ಫೈಲು ಎಷ್ಟೋ ಸಲ ತಾಲ್ಲೂಕಿನ ಹೆಸರಿನ ಕ್ರಮದಲ್ಲಿರುತ್ತದೆ, ಆಗ ಮೊದಲ 5000 ಸಾಲೂ ಅಫಜಲಪುರದ್ದೇ, ಅಂದರೆ ಭೀಮಾ ದಂಡೆಯ ಕಬ್ಬೇ ಎದ್ದು ಕಾಣುತ್ತದೆ, ಸೇಡಂ ಕಡೆಯ ತೊಗರಿ ಹೊಲ ಒಂದೂ ಬರುವುದಿಲ್ಲ. ಲಿನಕ್ಸ್‌ನಲ್ಲಿ ಹೀಗೆ ಮಾಡಿ:

```
tail -n +2 bele.csv | shuf -n 5000 > sample.csv
```

`tail` ತಲೆಸಾಲನ್ನು ಬಿಡುತ್ತದೆ, ಇಲ್ಲದಿದ್ದರೆ ಅದೂ ಒಬ್ಬ ರೈತನಾಗಿ ಬಂದುಬಿಡಬಹುದು! `shuf` ಇಡೀ ಫೈಲು ಓದುತ್ತದೆ, ಸ್ವಲ್ಪ ಹೊತ್ತು ಹಿಡಿಯುತ್ತದೆ, ಆದರೆ ಪ್ರತಿ ಸಾಲಿಗೂ ಸಮಾನ ಅವಕಾಶ.

ಆಮೇಲೆ ತಾಲ್ಲೂಕುವಾರು ಎಣಿಸಿ. ಪೂರ್ತಿ ಫೈಲಿನಲ್ಲಿ ಆಳಂದ 15% ಇದ್ದರೆ ಇಲ್ಲಿ ಸುಮಾರು 750 ಸಾಲು ಬರಬೇಕು. 735 ಬಂದರೆ ಚಿಂತೆಯಿಲ್ಲ, 200 ಬಂದರೆ ಎಲ್ಲೋ ತಪ್ಪಾಗಿದೆ. ತೀರಾ ಚಿಕ್ಕ ತಾಲ್ಲೂಕಿನ ಸಾಲುಗಳೂ ಸಾಕಷ್ಟು ಬೇಕಿದ್ದರೆ ಮಾತ್ರ ಪ್ರತಿ ತಾಲ್ಲೂಕಿನಿಂದಲೂ ಬೇರೆ ಬೇರೆಯಾಗಿ ಆರಿಸಿ.