ಹಸಿರು ರಿಂಗ್, ಮಧ್ಯ ಕಪ್ಪು: ನಾಯಿ ಕಣ್ಣಿನ ಹುಣ್ಣು ವಾಸಿ ಆಗ್ತಿದ್ಯಾ?

ಪ್ರಶ್ನೆ: ಡಾಕ್ಟ್ರೇ, ನಮ್ದು 4 ವರ್ಷದ ಪಗ್. ಸೋಮವಾರ ಗಿಡದ ಮುಳ್ಳು ತಾಗಿ ಕಣ್ಣು ಮುಚ್ಕೊಂಡಿತ್ತು. ಇಲ್ಲಿ ಭದ್ರಾವತಿಲಿ ಡಾಕ್ಟ್ರು ಹಸಿರು ಡೈ ಹಾಕಿ ನೋಡಿ ಹುಣ್ಣಾಗಿದೆ ಅಂದ್ರು, ಆಂಟಿಬಯಾಟಿಕ್ ಡ್ರಾಪ್ಸ್ ಕೊಟ್ರು. ಕೆಂಪು ಕಮ್ಮಿ ಆಗ್ಲಿಲ್ಲ ಅಂತ ಹೋದ ವರ್ಷ ಅಲರ್ಜಿಗೆ ಕೊಟ್ಟಿದ್ದ ಡೆಕ್ಸಾಮೆಥಾಸೋನ್ ಇರೋ ಡ್ರಾಪ್ಸೂ 2 ದಿನ ಹಾಕಿದ್ವಿ, ಕೆಂಪು ಇಳೀತು, ಕಣ್ಣೂ ತೆರೀತಿದೆ. ಇವತ್ತು ಗುರುವಾರ ಮತ್ತೆ ಡೈ ಹಾಕಿದಾಗ ಸುತ್ತ ಹಸಿರು ರಿಂಗ್, ಮಧ್ಯ ಬಣ್ಣ ಹಿಡಿದಿಲ್ಲ. ಮಧ್ಯದಿಂದ ವಾಸಿ ಆಗ್ತಿದೆ ಅಂತ ನಮಗೆ ಖುಷಿ, ಆದ್ರೆ ಡಾಕ್ಟ್ರು ತಕ್ಷಣ ಶಿವಮೊಗ್ಗಕ್ಕೆ ಹೋಗಿ ಅಂತಿದಾರೆ. ನಾಳೆ ನಾಡಿದ್ದು ಹೋದ್ರೆ ಆಗಲ್ವಾ?

ಉತ್ತರ: ಇವತ್ತೇ ಹೊರಡಿ. ಆ ಡೆಕ್ಸಾಮೆಥಾಸೋನ್ ಡ್ರಾಪ್ಸ್ ಇನ್ನು ಒಂದು ಹನಿನೂ ಹಾಕ್ಬೇಡಿ, ಆದ್ರೆ ಬಾಟಲ್ ಎಸೀದೆ ಜೊತೇಲಿ ತಗೊಂಡು ಹೋಗಿ, ಎಷ್ಟು ಸಲ ಹಾಕಿದ್ವಿ ಅಂತ ಅಲ್ಲಿ ಮುಚ್ಚಿಡದೆ ಹೇಳಿ. ಕುತ್ತಿಗೆ ಬೆಲ್ಟ್ ಹಿಡಿದು ಎಳೀಬೇಡಿ, ಕುತ್ತಿಗೆ ಒತ್ತಿದ್ರೆ ಕಣ್ಣೊಳಗಿನ ಪ್ರೆಶರ್ ಏರತ್ತೆ, ಎತ್ಕೊಂಡೋ ಎದೆಗೆ ಹಾಕೋ ಹಾರ್ನೆಸ್ಸಲ್ಲೋ ಕರ್ಕೊಂಡು ಹೋಗಿ. ಕಾಲಲ್ಲಿ ಕಣ್ಣು ಉಜ್ಜದ ಹಾಗೆ ಕೋನ್ ಇರ್ಲಿ, ರೆಪ್ಪೆ ಅಗಲಿಸಿ ನೋಡೋಕೆ ಹೋಗ್ಬೇಡಿ. ಹೊರಡೋ ಮುಂಚೆ ಅಲ್ಲಿಗೆ ಒಂದು ಫೋನ್ ಮಾಡಿ, ಏನು ಕೇಳ್ಬೇಕು ಅಂತ ಕೊನೇಲಿ ಬರೆದಿದೀನಿ, ಉಳಿದದ್ದನ್ನ ದಾರೀಲಿ ಓದಬಹುದು.

ಕಣ್ಣಿನ ಮುಂದಿನ ಪಾರದರ್ಶಕ ಭಾಗ ಇದೆಯಲ್ಲ, ಕಾರ್ನಿಯಾ, ಅದು ನಾಯಿಗಳಲ್ಲಿ ಅರ್ಧ ಮಿಲಿಮೀಟರ್‌ಗಿಂತ ಸ್ವಲ್ಪ ಜಾಸ್ತಿ ದಪ್ಪ ಅಷ್ಟೇ. ಮೇಲೆ ತೆಳು ಚರ್ಮದಂಥ ಎಪಿಥೀಲಿಯಂ, ಅದರ ಕೆಳಗೆ ಸ್ಟ್ರೋಮಾ, ದಪ್ಪದಲ್ಲಿ ಸುಮಾರು 90 ಪರ್ಸೆಂಟ್ ಇದೇ, ಅದರ ಹಿಂದೆ ಡೆಸ್ಮೆ ಪೊರೆ ಅಂತ ಒಂದು ಬಹಳ ತೆಳು ಹಾಳೆ, ಅದಕ್ಕೆ ಅಂಟ್ಕೊಂಡು ಒಂದೇ ಸಾಲು ಜೀವಕೋಶ. ಅದರಾಚೆಗೆ ಕಣ್ಣೊಳಗಿನ ನೀರು. ಫ್ಲೋರೆಸೀನ್ ಅನ್ನೋ ಆ ಡೈ ನೀರಿನ ಜೊತೆ ಸೇರೋ ಜಾತಿ. ಎಪಿಥೀಲಿಯಂ ಕೆಸುವಿನ ಎಲೆ ಥರ ಅದನ್ನ ಹತ್ರ ಸೇರಿಸಲ್ಲ, ಹಾಗಾಗಿ ಚೆನ್ನಾಗಿರೋ ಕಣ್ಣಲ್ಲಿ ತೊಳೆದ ಕೂಡ್ಲೇ ಡೈ ಹೋಗತ್ತೆ. ಎಪಿಥೀಲಿಯಂ ಕಿತ್ತುಹೋದ ಕಡೆ ಸ್ಟ್ರೋಮಾ ಅದನ್ನ ಹೀರಿಕೊಳ್ಳತ್ತೆ, ನೀಲಿ ಲೈಟ್ ಹಾಕಿದ್ರೆ ಆ ಜಾಗ ಹಸಿರಾಗಿ ಹೊಳೆಯತ್ತೆ. ಸೋಮವಾರ ನಿಮ್ಮ ಡಾಕ್ಟ್ರು ನೋಡಿದ್ದು ಇದೇ.

ಈಗ ಮುಖ್ಯ ವಿಷಯ. ಡೆಸ್ಮೆ ಪೊರೆನೂ ಡೈ ಹಿಡಿಯಲ್ಲ. ಹುಣ್ಣು ಸ್ಟ್ರೋಮಾನ ಪೂರ್ತಿ ತಿಂದು ತಳ ಮುಟ್ಟಿದ್ರೆ ಗುಂಡಿಯ ಗೋಡೆಗಳಲ್ಲಿ ಉಳಿದಿರೋ ಸ್ಟ್ರೋಮಾ ಹಸಿರಾಗತ್ತೆ, ತಳ ಮಾತ್ರ ಬಣ್ಣ ಇಲ್ಲದೆ ಕಪ್ಪಗೆ ಕಾಣತ್ತೆ. ಇದಕ್ಕೆ ಡೆಸ್ಮೆಟೊಸೀಲ್ ಅಂತೀವಿ. ಅಂದ್ರೆ ಕಣ್ಣೊಳಗಿನ ನೀರಿಗೂ ಹೊರಗಿನ ಗಾಳಿಗೂ ಮಧ್ಯೆ ಈಗ ಆ ತೆಳು ಪೊರೆ ಒಂದೇ ಉಳಿದಿರೋದು, ಒಂದು ಜೋರು ಸೀನಿಗೋ ಸೋಫಾಗೆ ಮುಖ ಉಜ್ಜಿದ್ದಕ್ಕೋ ಅದು ಒಡೀಬಹುದು. ಮಧ್ಯದಿಂದ ವಾಸಿ ಆಗ್ತಿದೆ ಅಂತ ನಿಮಗೆ ಅನ್ಸಿದ್ದು ಸಹಜ, ಬಹಳ ಜನ ಹೀಗೇ ಅಂದ್ಕೋತಾರೆ, ಆದ್ರೆ ಕಾರ್ನಿಯಾ ಯಾವತ್ತೂ ಅಂಚಿಂದ ಒಳಗೆ ವಾಸಿ ಆಗತ್ತೆ, ಸುತ್ತಲಿನ ಎಪಿಥೀಲಿಯಂ ಜಾರಿಕೊಂಡು ಬಂದು ಗಾಯ ಮುಚ್ಚಬೇಕು. ನಿಜವಾಗ್ಲೂ ವಾಸಿ ಆಗ್ತಿದ್ರೆ ಹಸಿರು ಚುಕ್ಕೆ ದಿನಾ ಸುತ್ತಲಿಂದ ಚಿಕ್ಕದಾಗ್ತಾ ಬರ್ತಿತ್ತು, ಮಧ್ಯ ಕೊನೇಲಿ ಮುಚ್ಕೋತಿತ್ತು. ಅಂಚು ಹಸಿರಿದ್ದು ಮಧ್ಯ ಮೊದಲೇ ಮುಚ್ಚೋಕೆ ಸಾಧ್ಯ ಇಲ್ಲ.

ಬಣ್ಣ ಒಂದನ್ನೇ ನೋಡಿ ಆಳ ಹೇಳೋಕಾಗಲ್ಲ ಅನ್ನೋದನ್ನೂ ಹೇಳ್ಬೇಕು. ಮೇಲ್ಮೇಲೆ ಕೆರೆದ ಗಾಯನೂ ಅರ್ಧ ದಪ್ಪ ತಿಂದ ಗಾಯನೂ ಎರಡೂ ಹಸಿರೇ, ಅದನ್ನ ತಿಳ್ಕೊಳ್ಳೋಕೆ ತೆಳು ಸೀಳಿನಂಥ ಬೆಳಕನ್ನ ಓರೆಯಾಗಿ ಬಿಟ್ಟು ಗೆರೆ ಎಲ್ಲಿ ಒಳಗೆ ಬಾಗತ್ತೆ ಅಂತ ನೋಡ್ತೀವಿ. ಡೈ ಹಾಕಿದ್ಮೇಲೆ ಸಲೈನಲ್ಲಿ ಚೆನ್ನಾಗಿ ತೊಳೀದಿದ್ರೆ ಗುಂಡಿಲಿ ಡೈ ನಿಂತು ತಳನೂ ಹಸಿರು ಕಾಣತ್ತೆ, ಡೆಸ್ಮೆಟೊಸೀಲ್ ಕಣ್ತಪ್ಪಿ ಹೋಗೋದು ಎಷ್ಟೋ ಸಲ ಹೀಗೆ. ಡೈ ಸ್ಟ್ರಿಪ್‌ನ ಕಾರ್ನಿಯಾಗೇ ಮುಟ್ಟಿಸಿದ್ರೆ ಅಲ್ಲೇ ಒಂದು ಸುಳ್ಳು ಹಸಿರು ಗುರುತು ಬೀಳತ್ತೆ, ಅದಕ್ಕೆ ರೆಪ್ಪೆ ಒಳಗಿನ ಗುಲಾಬಿ ಭಾಗಕ್ಕೆ ಮುಟ್ಟಿಸೋದು. ಇನ್ನೊಂದು, ಹಳೇ ಹುಣ್ಣು ವಾಸಿಯಾಗಿ ಕುಳಿ ಮಾತ್ರ ಉಳಿದಿದ್ರೆ ಗೋಡೆನೂ ತಳನೂ ಎರಡೂ ಬಣ್ಣ ಹಿಡಿಯಲ್ಲ, ಯಾಕಂದ್ರೆ ಎಲ್ಲಾ ಕಡೆ ಎಪಿಥೀಲಿಯಂ ಹರಡಿರತ್ತೆ. ನಿಮ್ಮ ನಾಯಿಗೆ ರಿಂಗ್ ಹಸಿರಿದೆ, ಅದೂ 3 ದಿನದಲ್ಲಿ ಪೂರ್ತಿ ಹಸಿರು ಚುಕ್ಕೆಯಿಂದ ರಿಂಗ್‌ಗೆ ತಿರುಗಿದೆ, ನನಗಂತೂ ಇದು ಆಳಕ್ಕೆ ಇಳಿದಿದೆ ಅನ್ನೋದ್ರಲ್ಲಿ ಹೆಚ್ಚು ಅನುಮಾನ ಇಲ್ಲ, ನಿಮ್ಮ ಡಾಕ್ಟ್ರು ಸರಿಯಾಗೇ ಹೇಳಿದಾರೆ.

ಇನ್ನು ಆ ಡೆಕ್ಸಾಮೆಥಾಸೋನ್, ಅದು ಒಂದು ಸ್ಟೀರಾಯ್ಡ್. ಹೋದ ವರ್ಷ ಅಲರ್ಜಿಗೆ ಕೊಟ್ಟಾಗ ಅದು ಸರಿಯಾದ ಔಷಧಿನೇ, ಆಗ ಕಾರ್ನಿಯಾ ಮೇಲೆ ಗಾಯ ಇರ್ಲಿಲ್ಲ. ಗಾಯ ಇದ್ದಾಗ ಅದೇ ಹನಿ ಬೇರೆ ಕೆಲಸ ಮಾಡತ್ತೆ. ಎಪಿಥೀಲಿಯಂ ಜಾರಿ ಬಂದು ಮುಚ್ಚೋದನ್ನ ನಿಧಾನ ಮಾಡತ್ತೆ, ಬ್ಯಾಕ್ಟೀರಿಯಾ ಮೇಲೆ ಬೀಳಬೇಕಾದ ಬಿಳಿ ರಕ್ತಕಣಗಳನ್ನ ತಡೆಯತ್ತೆ, ಎಲ್ಲಕ್ಕಿಂತ ಕೆಟ್ಟದ್ದು ಅಂದ್ರೆ ಸ್ಟ್ರೋಮಾದ ಕೊಲಾಜೆನ್ನನ್ನ ಕತ್ತರಿಸೋ ಎನ್‌ಜೈಮ್‌ಗಳಿಗೆ ಬಲ ಕೊಡತ್ತೆ. ಸ್ಯೂಡೊಮೋನಾಸ್ ಥರದ ಬ್ಯಾಕ್ಟೀರಿಯಾ ತಾವೇ ಇಂಥ ಎನ್‌ಜೈಮ್ ಬಿಡ್ತವೆ, ಅದರ ಜೊತೆ ಸ್ಟೀರಾಯ್ಡೂ ಸೇರಿದ್ರೆ ಕಾರ್ನಿಯಾ ಬೂದು ಬಣ್ಣಕ್ಕೆ ತಿರುಗಿ ಲೋಳೆಯಾಗಿ ಕರಗೋಕೆ ಶುರುವಾಗತ್ತೆ, ಒಂದೆರಡು ದಿನದಲ್ಲೇ ತೂತು ಬೀಳೋದೂ ಉಂಟು. ಇಷ್ಟೆಲ್ಲಾ ಆಗ್ತಿದ್ರೂ ಹೊರಗಿಂದ ಕಣ್ಣು ಮೊದಲಿಗಿಂತ ಚೆನ್ನಾಗೇ ಕಾಣತ್ತೆ, ಯಾಕಂದ್ರೆ ಸ್ಟೀರಾಯ್ಡ್ ಕೆಂಪು ಇಳಿಸತ್ತೆ. ನೋವಿನ ನರಗಳೂ ಕಾರ್ನಿಯಾದ ಮೇಲ್ಪದರದಲ್ಲೇ ಹೆಚ್ಚು ಇರೋದು, ಹುಣ್ಣು ಆಳಕ್ಕೆ ಹೋದಂಗೆ ನೋವು ಕಮ್ಮಿ ಅನ್ಸಬಹುದು, ಪಗ್‌ಗಳಿಗಂತೂ ಕಾರ್ನಿಯಾದಲ್ಲಿ ಸ್ಪರ್ಶ ಮೊದಲೇ ಕಮ್ಮಿ. ಕೆಂಪು ಇಳೀತು, ಕಣ್ಣು ತೆರೀತಿದೆ ಅಂತ ನೀವು ಬರೆದಿದ್ದೇ ನನಗೆ ಹೆಚ್ಚು ಹೆದರಿಕೆ ತಂದದ್ದು.

ಅಲ್ಲಿ ಏನೇನು ಮಾಡಬಹುದು ಅಂದ್ರೆ, ತಳ ಸೋರ್ತಿದ್ಯಾ ಅಂತ ಇದೇ ಡೈ ಗಟ್ಟಿಯಾಗಿ ಹಚ್ಚಿ ತೊಳೀದೆ ನೋಡ್ತಾರೆ, ಸಣ್ಣ ತೂತಿದ್ರೂ ಒಳಗಿನ ನೀರು ಡೈನ ಕರಗಿಸ್ಕೊಂಡು ಹೊಳೆಯೋ ಹಸಿರು ಗೆರೆಯಾಗಿ ಇಳಿಯತ್ತೆ. ಅಂಚಿಂದ ಸ್ವ್ಯಾಬ್ ತೆಗೆದು ಯಾವ ಬ್ಯಾಕ್ಟೀರಿಯಾ ಅಂತ ನೋಡ್ತಾರೆ. ಕರಗ್ತಾ ಇದ್ರೆ ನಿಮ್ಮ ನಾಯಿದೇ ರಕ್ತ ತೆಗೆದು ಸೀರಂ ಬೇರೆ ಮಾಡಿ ಅದನ್ನೇ ಡ್ರಾಪ್ಸ್ ಥರ ಮೊದಮೊದಲು ಗಂಟೆಗೋ ಎರಡು ಗಂಟೆಗೋ ಒಂದು ಸಲ ಹಾಕಿಸ್ತಾರೆ, ಎನ್‌ಜೈಮ್‌ಗಳನ್ನ ಕಟ್ಟಿಹಾಕೋ ಗುಣ ಸೀರಂಗೆ ಇದೆ. ಆದ್ರೆ ಡೆಸ್ಮೆ ಪೊರೆವರೆಗೂ ಹೋಗಿರೋ ಹುಣ್ಣಿಗೆ ಬರೀ ಡ್ರಾಪ್ಸ್ ನೆಚ್ಕೊಂಡು ಕೂರೋದು ನನಗೆ ಒಪ್ಪಿಗೆ ಇಲ್ಲ. ಸಾಮಾನ್ಯವಾಗಿ ಕಣ್ಣಿನ ಬಿಳಿ ಭಾಗದ ಮೇಲಿನ ಪೊರೆಯ ಒಂದು ತುಂಡನ್ನ ಎಳೆದು ಗುಂಡಿ ಮೇಲೆ ಹೊಲೀತಾರೆ, ಅದು ಆಧಾರನೂ ಆಗತ್ತೆ, ರಕ್ತ ಪೂರೈಕೆನೂ ತರತ್ತೆ. ಈ ಸರ್ಜರಿಗೆ ಮೈಕ್ರೋಸ್ಕೋಪೂ ಅನುಭವಾನೂ ಬೇಕು, ಹೊರಡೋ ಮುಂಚೆ ಫೋನ್ ಮಾಡಿ ಡೆಸ್ಮೆಟೊಸೀಲ್ ಇರ್ಬಹುದು ಅಂತ ಇದೇ ಪದ ಹೇಳಿ ವಿಚಾರಿಸಿ, ಇಲ್ಲ ಅಂದ್ರೆ ಎಲ್ಲಿದೆ ಅಂತ ಅವರನ್ನೇ ಕೇಳಿ.

ಎಲ್ಲಾ ಆದ್ಮೇಲೆ ಅಲ್ಲೊಂದು ಬಿಳಿ ಕಲೆ ಉಳಿಯತ್ತೆ, ಆಗ ಯಾರಾದ್ರೂ ಕಲೆ ಹೋಗೋಕೆ ಸ್ಟೀರಾಯ್ಡ್ ಹಾಕಿ ಅಂತ ಹೇಳೇ ಹೇಳ್ತಾರೆ. ಡೈ ಹಾಕಿ ನೋಡಿ ಎಲ್ಲೂ ಹಸಿರಿಲ್ಲ ಅಂತ ಸರ್ಜರಿ ಮಾಡಿದ ಡಾಕ್ಟ್ರೇ ಹೇಳಿ ಬರ್ಕೊಡೋವರೆಗೂ ಆ ಬಾಟಲ್ ಮುಟ್ಟಬೇಡಿ.